ಗೋಡೆಯ ಅಕ್ಷರ ಓದಿದರೂ ದೃಷ್ಟಿದೋಷ

ದೂರದೃಷ್ಟಿ ದೋಷವಿರುವ ಕಣ್ಣುಗುಡ್ಡೆ ಸಾಮಾನ್ಯವಾಗಿ ತುಸು ಗಿಡ್ಡ. ಬೆಳಕು ಅಕ್ಷಿಪಟಲದ ಹಿಂದೆ ಕೂಡುತ್ತದೆ. ಮಗುವಿನ ಮೆತ್ತನೆಯ ಮಸೂರ ಉಬ್ಬಿ ಈ ಕೊರತೆಯನ್ನು ತುಂಬಿಬಿಡುತ್ತದೆ. ಹತ್ತರ ವಯಸ್ಸಿನಲ್ಲಿ ಸುಮಾರು 12 ಡಯಾಪ್ಟರ್ ಇರುವ ಈ ಶಕ್ತಿ 45ರ ಹೊತ್ತಿಗೆ 4ರ ಆಸುಪಾಸಿಗೆ ಇಳಿಯುತ್ತದೆ. ಆಗ ಬಚ್ಚಿಟ್ಟಿದ್ದ ದೋಷ ಬಯಲಾಗಿ ಮೊದಲು ಪುಸ್ತಕ, ಆಮೇಲೆ ದೂರದ ಬೋರ್ಡೂ ಮಸುಕಾಗುತ್ತದೆ.

ನಾಲ್ಕು ವರ್ಷದ ಮಗುವಿಗೆ +4.5 ದೋಷವಿದೆ ಎನ್ನೋಣ. ಗೋಡೆಯ ಅಕ್ಷರಕ್ಕೇ ಮಸೂರ 4.5 ಡಯಾಪ್ಟರ್ ದುಡಿಯಬೇಕು. 25 ಸೆಂ.ಮೀ. ದೂರದ ಚಿತ್ರಪುಸ್ತಕಕ್ಕೆ ಇನ್ನೂ 4, ಒಟ್ಟು 8.5. ಮಸೂರ ಉಬ್ಬಿದಷ್ಟೂ ಕಣ್ಣುಗಳು ಮೂಗಿನತ್ತ ತಿರುಗುವುದು ಸಹಜ. ಇಷ್ಟು ಹೆಚ್ಚಾದಾಗ ಒಂದು ಕಣ್ಣು ಒಳಗೆ ಸರಿದು ಮಾಲುಗಣ್ಣಾಗುತ್ತದೆ. ಆರಂಭದಲ್ಲಿ ಅದು ಸಂಜೆಯ ದಣಿವಿನಲ್ಲೋ ಜ್ವರದಲ್ಲೋ ಮಾತ್ರ ಕಾಣುತ್ತದೆ. ‘ಬೆಳೆದಂತೆ ಸರಿಹೋಗುತ್ತೆ’ ಎಂದು ಕಾಯಬಾರದು. ಆ ಕಣ್ಣನ್ನು ಮಿದುಳು ಕಡೆಗಣಿಸತೊಡಗಿ ಅದು ಮಂದವಾಗುತ್ತದೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಓದಿದ ಮೇಲೆ ಹಣೆನೋವು, ಕಣ್ಣುಜ್ಜುವುದು, ಪುಸ್ತಕ ದೂರ ತಳ್ಳುವುದೂ ಸುಳಿವುಗಳೇ. ಆದರೆ ತಲೆನೋವಿಗೆ ಬೇರೆ ಕಾರಣಗಳೂ ಇರಬಹುದು.

ಅಕ್ಷರ ಓದಿಸಿದರೆ ಈ ಮಗು ಪಾಸಾಗುತ್ತದೆ. ಮಸೂರದ ಸ್ನಾಯುವನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸುವ ಹನಿ ಹಾಕಿ ಅಳೆದಾಗಲೇ ನಿಜವಾದ ಪವರ್ ಸಿಗುವುದು. ಆ ಪವರಿನ ಪ್ಲಸ್ ಕನ್ನಡಕವನ್ನು ದಿನವಿಡೀ ಹಾಕಿಸಿದರೆ ಇಂಥ ಎಷ್ಟೋ ಕಣ್ಣುಗಳು ನೇರವಾಗುತ್ತವೆ. ಕನ್ನಡಕ ತೆಗೆದೊಡನೆ ಕಣ್ಣು ಮತ್ತೆ ತಿರುಗಿದರೆ, ಕನ್ನಡಕವೇ ಕೆಡಿಸಿತೆಂದು ಬಗೆದು ಬಿಡಿಸಬೇಡಿ.