ಕೆಂಪು ಮಾಸಿಲ್ಲ, ಬಿಳಿ ಅಂಚು ಗುಲಾಬಿಯಾಗಿದೆ

ಕಡುಗೆಂಪು ಹತ್ತಿ ಕುರ್ತಾ, ಕೊರಳಿಗೆ ಬಿಳಿ ಅಂಚು. ಮೊದಲ ಸಲ ಒಗೆದಾಗಲೇ ಅಂಚು ಗುಲಾಬಿಗೆ ತಿರುಗುತ್ತದೆ. ಆದರೆ ಕೆಂಪು ಮಾತ್ರ ಹೊಸದರಂತೆಯೇ ಹೊಳೆಯುತ್ತಿರುತ್ತದೆ. ‘ಬಣ್ಣ ಬಿಟ್ಟಿತು’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಬಟ್ಟೆ ಪರೀಕ್ಷಿಸುವ ಪ್ರಯೋಗಾಲಯ ಅಲ್ಲಿ ಎರಡು ಪ್ರಶ್ನೆ ಕೇಳುತ್ತದೆ: ಬಟ್ಟೆ ಎಷ್ಟು ಮಾಸಿತು? ಪಕ್ಕದ ಬಟ್ಟೆಗೆ ಎಷ್ಟು ಬಣ್ಣ ಹತ್ತಿತು?

ಒಗೆತದ ಪರೀಕ್ಷೆಗೆ 10 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ಕುರ್ತಾ ಬಟ್ಟೆಯ ತುಂಡು ಸಾಕು. ಅದಕ್ಕೆ ಮಲ್ಟಿಫೈಬರ್ ಎಂಬ ಬಿಳಿ ಪಟ್ಟಿಯನ್ನು ಹೊಲಿಯುತ್ತಾರೆ. ಹತ್ತಿ, ಉಣ್ಣೆ, ನೈಲಾನ್, ಪಾಲಿಯೆಸ್ಟರ್, ಅಕ್ರಿಲಿಕ್, ಅಸಿಟೇಟ್ ಎಂಬ ಆರು ನೂಲುಗಳು ಅದರಲ್ಲಿ ಸಾಲಾಗಿ ನೇಯ್ದಿರುತ್ತವೆ. ಐಎಸ್ಒ 105 ಸರಣಿಯ ಒಂದು ಬಳಕೆಯ ವಿಧಾನದಲ್ಲಿ ಈ ಜೋಡಿಯನ್ನು 150 ಮಿಲಿಲೀಟರ್ ಡಿಟರ್ಜೆಂಟ್ ನೀರು ಮತ್ತು 10 ಉಕ್ಕಿನ ಗುಂಡುಗಳ ಜೊತೆ ಡಬ್ಬಿಗೆ ಹಾಕಿ, 40 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸುತ್ತಾರೆ. ಬಟ್ಟೆ ಒಗೆಯುವಾಗ ಬೀಳುವ ಉಜ್ಜಾಟವನ್ನು ಗುಂಡುಗಳು ಕೊಡುತ್ತವೆ.

ನಮ್ಮ ಕುರ್ತಾದಂಥ ಬಟ್ಟೆಯ ವರದಿ ಹೀಗಿರಬಹುದು: ಬಣ್ಣದ ಬದಲಾವಣೆ 4-5, ಹತ್ತಿಗೆ ಹತ್ತಿದ ಬಣ್ಣ 2-3, ನೈಲಾನ್‌ಗೆ 4, ಪಾಲಿಯೆಸ್ಟರ್‌ಗೆ 4-5. ಇದು ‘2ರಿಂದ 3’ ಎಂಬ ಅಂದಾಜಲ್ಲ. ಎರಡರ ನಡುವಿನ ಒಂದು ನಿಶ್ಚಿತ ಮೆಟ್ಟಿಲು. 5 ಅತ್ಯುತ್ತಮ, 1 ಅತಿ ಕಳಪೆ. ನಡುವಿನ ಅರ್ಧ ಮೆಟ್ಟಿಲುಗಳೂ ಸೇರಿ ಒಟ್ಟು ಒಂಬತ್ತು ದರ್ಜೆ.

ಈ ದರ್ಜೆ ಕೊಡುವ ಸಾಧನವೇ ಗ್ರೇ ಸ್ಕೇಲ್. ಅದು ಎರಡು ಬಗೆಯದು. ಮಾಸಿದ್ದನ್ನು ನೋಡುವ ಸ್ಕೇಲಿನಲ್ಲಿ ಬೂದು ಬಣ್ಣದ ಜೋಡಿ ಚೂರುಗಳಿವೆ. 5ರ ಜೋಡಿಯಲ್ಲಿ ಎರಡೂ ಒಂದೇ. ಕೆಳಗಿಳಿದಂತೆ ಒಂದು ಚೂರು ತಿಳಿಯಾಗುತ್ತ ಹೋಗುತ್ತದೆ. ಬಣ್ಣ ಹತ್ತಿದ್ದನ್ನು ನೋಡುವ ಸ್ಕೇಲಿನಲ್ಲಿ ಬಿಳಿಯ ಪಕ್ಕ ಬೂದು ಗಾಢವಾಗುತ್ತ ಹೋಗುತ್ತದೆ. ಪರೀಕ್ಷಕರು ನಿಗದಿತ ಬೆಳಕಿನಡಿ ಮೂಲ ಬಟ್ಟೆಯನ್ನೂ ಪರೀಕ್ಷೆಗೊಳಗಾದ ತುಂಡನ್ನೂ ಅಕ್ಕಪಕ್ಕ ಇಟ್ಟು, ಅವುಗಳ ನಡುವಿನ ಅಂತರಕ್ಕೆ ಯಾವ ಬೂದು ಜೋಡಿಯ ಅಂತರ ಸಮವೆಂದು ಕಣ್ಣಿನಿಂದಲೇ ನಿರ್ಧರಿಸುತ್ತಾರೆ. ಬಟ್ಟೆ ಕೆಂಪಿರಲಿ, ನೀಲಿಯಿರಲಿ, ಲೆಕ್ಕಕ್ಕೆ ಬರುವುದು ಅಂತರವಷ್ಟೇ. ಕೆಂಪು ನೇರಳೆಯತ್ತ ವಾಲಿದ್ದರೆ ಅದನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯುತ್ತಾರೆ.

ಓದುವವರು ಎಡವುವುದು ಇಲ್ಲೇ. ಮೆಟ್ಟಿಲುಗಳು ಸಮಾನ ಎತ್ತರದವಲ್ಲ. ಮಾಸುವಿಕೆಯ ಸ್ಕೇಲಿನಲ್ಲಿ 4ರ ಬಣ್ಣದಂತರ 1.7, 3ರದು 3.4, 2ರದು 6.8, 1ರದು 13.6. ಒಂದು ದರ್ಜೆ ಇಳಿದರೆ ಅಂತರ ಇಮ್ಮಡಿ. ಹಾಗಾಗಿ 4ರಿಂದ 3ಕ್ಕೆ ಇಳಿಯುವುದಕ್ಕಿಂತ 3ರಿಂದ 2ಕ್ಕೆ ಇಳಿಯುವುದು ಬಹಳ ದೊಡ್ಡ ಕುಸಿತ. ಹತ್ತಿದ ಬಣ್ಣದ ಸ್ಕೇಲಿನಲ್ಲಿ ಅಂತರಗಳು ಇನ್ನೂ ಹೆಚ್ಚು, ಆದ್ದರಿಂದ ಒಂದರ 3 ಇನ್ನೊಂದರ 3ಕ್ಕೆ ಸಮವಲ್ಲ. ಎಲ್ಲ ಅಂಕಗಳ ಸರಾಸರಿ ತೆಗೆಯುವುದಂತೂ ಪೂರಾ ತಪ್ಪು. ಬಿಳಿ ಅಂಚು ಹತ್ತಿಯದಾಗಿದ್ದರೆ ಆ ಕುರ್ತಾದ ಹಣೆಬರಹ ಬರೆಯುವುದು ಹತ್ತಿಯ 2-3.

ಹತ್ತಿಗೇ ಏಕೆ ಹತ್ತಿತು? ಇಂಥ ಕೆಂಪನ್ನು ಸಾಮಾನ್ಯವಾಗಿ ರಿಯಾಕ್ಟಿವ್ ಬಣ್ಣದಿಂದ ಕೊಡುತ್ತಾರೆ. ಕ್ಷಾರದ ನೀರಿನಲ್ಲಿ ಈ ಬಣ್ಣ ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಆದರೆ ಒಂದಷ್ಟು ಭಾಗ ನೂಲಿನ ಬದಲು ನೀರಿನೊಡನೆಯೇ ಕೂಡಿ, ಬೆಸೆಯುವ ಶಕ್ತಿ ಕಳೆದುಕೊಂಡು ಬಟ್ಟೆಯಲ್ಲಿ ಸುಮ್ಮನೆ ಉಳಿಯುತ್ತದೆ. ಅದನ್ನು ಕುದಿಯ ಹತ್ತಿರದ ಬಿಸಿನೀರಿನಲ್ಲಿ ಸೋಪಿಂಗ್ ಮಾಡಿ ತೊಳೆದು ತೆಗೆಯಬೇಕು. ನೀರು, ಇಂಧನ, ಸಮಯ ಉಳಿಸಲು ಆ ತೊಳೆತವನ್ನು ಮೊಟಕುಗೊಳಿಸಿದರೆ ಉಳಿದ ಬಣ್ಣ ಮನೆಯ ಬಕೆಟ್ಟಿನಲ್ಲಿ ಹೊರಬಂದು ಇನ್ನೊಂದು ಹತ್ತಿಯನ್ನು ಹುಡುಕಿಕೊಳ್ಳುತ್ತದೆ. ಬೆಸೆದ ಬಣ್ಣ ಅಲ್ಲೇ ಇರುವುದರಿಂದ ಕುರ್ತಾ ಮಾಸಿದಂತೆ ಕಾಣುವುದಿಲ್ಲ. ಗಾಢ ಪಾಲಿಯೆಸ್ಟರ್ ಬಟ್ಟೆಯಾಗಿದ್ದರೆ ಪಟ್ಟಿಯಲ್ಲಿ ನೈಲಾನ್ ಮತ್ತು ಅಸಿಟೇಟ್ ಹೆಚ್ಚು ಬಣ್ಣಗೆಡುತ್ತಿದ್ದವು.

ಉಜ್ಜುವಿಕೆಯ ಪರೀಕ್ಷೆ ಸರಳ. ಕ್ರಾಕ್‌ಮೀಟರ್‌ನ 16 ಮಿಲಿಮೀಟರ್ ಅಗಲದ ದುಂಡು ಕಡ್ಡಿಗೆ ಬಿಳಿ ಹತ್ತಿಬಟ್ಟೆ ಸುತ್ತಿ, 9 ನ್ಯೂಟನ್ ಒತ್ತಡದಲ್ಲಿ, ಅಂದರೆ ಸುಮಾರು 900 ಗ್ರಾಂ ತೂಕ ಹೇರಿ, ಹತ್ತು ಸಲ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ. ಒಣಗಿದ್ದಾಗ ಒಮ್ಮೆ, ಬಿಳಿಬಟ್ಟೆಯನ್ನು ಒದ್ದೆ ಮಾಡಿ ಇನ್ನೊಮ್ಮೆ. ಕಡು ಬಣ್ಣದ ಹತ್ತಿಯಲ್ಲಿ ಒಣ ಉಜ್ಜುವಿಕೆಗೆ 4 ಬಂದು ಒದ್ದೆಯದು 2-3ಕ್ಕೆ ಇಳಿಯುವುದು ತೀರಾ ಸಾಮಾನ್ಯ.

ಬೆವರಿನ ಪರೀಕ್ಷೆಗೆ ಉಪ್ಪು, ಫಾಸ್ಫೇಟ್ ಮತ್ತು ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಸೇರಿಸಿ ಕೃತಕ ಬೆವರು ತಯಾರಿಸುತ್ತಾರೆ. ಒಂದು ಆಮ್ಲೀಯ, ಪಿಎಚ್ 5.5, ಇನ್ನೊಂದು ಕ್ಷಾರೀಯ, ಪಿಎಚ್ 8. ಹೊಸ ಬೆವರು ಸಾಮಾನ್ಯವಾಗಿ ಆಮ್ಲೀಯ. ಬಟ್ಟೆಯಲ್ಲೇ ನಿಂತು ಬ್ಯಾಕ್ಟೀರಿಯಾ ಸೇರಿದಂತೆ ಕ್ಷಾರೀಯವಾಗುತ್ತದೆ. ನೆನೆಸಿದ ಜೋಡಿಯನ್ನು ಫಲಕಗಳ ನಡುವೆ ಒತ್ತಿ, ಮೈಬಿಸಿಯಾದ 37 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಡುತ್ತಾರೆ. ತಾಮ್ರವುಳ್ಳ ಕೆಲವು ಬಣ್ಣಗಳಿಂದ ಹಿಸ್ಟಿಡಿನ್ ತಾಮ್ರವನ್ನೇ ಕಿತ್ತುಕೊಳ್ಳುತ್ತದೆ. ಒಗೆತದಲ್ಲಿ ಗೆದ್ದ ಬಟ್ಟೆ ಕಂಕುಳಲ್ಲಿ ಬಣ್ಣಗೆಡಲು ಅದೂ ಒಂದು ಕಾರಣ.

ನಮ್ಮ ಕುರ್ತಾದ ಬಟ್ಟೆಯನ್ನು ಕಾರ್ಖಾನೆ ಮತ್ತೆ ಸೋಪಿಂಗ್ ಮಾಡಿ ಕಳಿಸಿದರೆ ಹತ್ತಿಯ 2-3, 4ಕ್ಕೆ ಏರಬಹುದು. ಒದ್ದೆ ಉಜ್ಜುವಿಕೆ ಅಷ್ಟು ಏರುವುದಿಲ್ಲ, ಏಕೆಂದರೆ ಅಲ್ಲಿ ಸಡಿಲ ಬಣ್ಣದ ಜೊತೆಗೆ ಬಣ್ಣ ಬೆಸೆದ ನೂಲಿನ ಎಳೆಗಳೇ ಸವೆದು ಬರುತ್ತವೆ. ಅನೇಕ ಖರೀದಿದಾರರು ಕಡುಬಣ್ಣಗಳಿಗೆ ಒದ್ದೆ ಉಜ್ಜುವಿಕೆಯ ಮಿತಿಯನ್ನು ಸಡಿಲವಾಗಿಡುವುದು ಇದೇ ಕಾರಣಕ್ಕೆ.