ಕ್ಯಾಲ್ಕುಲೇಟರ್ 60° ಎಂದರೂ ಕೋನ 120° ಏಕೆ?

ಕೋನ ಗೊತ್ತಿದ್ದರೆ ಅದರ ಸೈನ್ ಬೆಲೆ ಒಂದೇ ಒಂದು. 30° ಕೋನಕ್ಕೆ ಅದು 1/2. ಪ್ರಶ್ನೆಯನ್ನು ತಿರುಗಿಸಿ, ಸೈನ್ 1/2 ಆಗುವ ಕೋನ ಯಾವುದೆಂದು ಕೇಳಿದರೆ ಉತ್ತರಕ್ಕೆ ಕೊನೆಯಿಲ್ಲ: 30°, 150°, 390°, 510°, ಹಿಂದಕ್ಕೆ ಎಣಿಸಿದರೆ −210°, −330°. ಸೈನ್ 360°ಗೊಮ್ಮೆ ಮರುಕಳಿಸುತ್ತದೆ; ಒಂದು ಸುತ್ತಿನೊಳಗೂ ಹೆಚ್ಚಿನ ಬೆಲೆಗಳು ಎರಡೆರಡು ಸಲ ಬರುತ್ತವೆ. ಆದರೆ ಫಂಕ್ಷನ್ ಎನಿಸಿಕೊಳ್ಳಲು ಒಂದು ಬೆಲೆಗೆ ಒಂದೇ ಉತ್ತರ ಇರಬೇಕು.

ಹೀಗಾಗಿ ಮೊದಲು ಮೂಲ ಸೈನ್ ಫಂಕ್ಷನ್ನಿನ ಕೋನಗಳಿಗೇ ಮಿತಿ ಹಾಕಬೇಕಾಗುತ್ತದೆ. ಆರಿಸಿಕೊಳ್ಳುವ ತುಂಡಿನಲ್ಲಿ −1ರಿಂದ 1ರವರೆಗಿನ ಪ್ರತಿ ಬೆಲೆಯೂ ಬರಬೇಕು, ಯಾವುದೂ ಎರಡು ಸಲ ಬರಬಾರದು. −90°ಯಿಂದ 90°ವರೆಗೆ ಸೈನ್ ಎಲ್ಲೂ ಇಳಿಯದೆ −1ರಿಂದ 1ಕ್ಕೆ ಏರುತ್ತದೆ. 90°ಯಿಂದ 270°ವರೆಗಿನ ತುಂಡೂ ಈ ಕೆಲಸ ಮಾಡಬಲ್ಲದು. ಆದರೆ ಸೊನ್ನೆಯೂ ಲಘುಕೋನಗಳೂ ಮೊದಲ ತುಂಡಿನಲ್ಲೇ ಇರುವುದರಿಂದ ಗಣಿತಜ್ಞರು ಅದನ್ನು ಒಪ್ಪಿಕೊಂಡಿದ್ದಾರೆ. ಆ ತುಂಡಿನಲ್ಲಿ ಸಿಗುವ ಉತ್ತರವೇ ಪ್ರಧಾನ ಮೌಲ್ಯ. sin⁻¹(1/2) ಎಂದರೆ 30° ಮಾತ್ರ. Sin⁻¹(sin 150°) ಕೂಡ 150° ಅಲ್ಲ, 30°.

ಇದೇ ತುಂಡು ಕೊಸೈನ್‌ಗೆ ಒಗ್ಗುವುದಿಲ್ಲ. −90°ಯಿಂದ 90°ವರೆಗೆ ಕೊಸೈನ್ ಸೊನ್ನೆಯಿಂದ 1ಕ್ಕೆ ಏರಿ ಮತ್ತೆ ಸೊನ್ನೆಗೆ ಇಳಿಯುತ್ತದೆ. ಋಣ ಬೆಲೆಗಳು ಸಿಗುವುದೇ ಇಲ್ಲ, ಧನ ಬೆಲೆಗಳು ಎರಡೆರಡು ಸಲ ಬರುತ್ತವೆ. ಆದ್ದರಿಂದ ಕೊಸೈನ್‌ಗೆ 0°ಯಿಂದ 180°ವರೆಗಿನ ತುಂಡು.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಲೆಕ್ಕಕ್ಕೆ ಕೂತಾಗ ಗೊತ್ತಾಗುತ್ತದೆ. ಬಾಹುಗಳು 3, 5, 7 ಇರುವ ತ್ರಿಭುಜದಲ್ಲಿ 7ರ ಎದುರಿನ ಕೋನ ಬೇಕೆನ್ನೋಣ. ಕೊಸೈನ್ ನಿಯಮದ ಪ್ರಕಾರ ಅದರ ಕೊಸೈನ್ (9 + 25 − 49)/30, ಅಂದರೆ −1/2. ಕ್ಯಾಲ್ಕುಲೇಟರಿನಲ್ಲಿ cos⁻¹ ಒತ್ತಿದರೆ 120° ಬರುತ್ತದೆ, ಅದು ಸರಿ. ಅದೇ ಕೋನವನ್ನು ಸೈನ್ ಮೂಲಕ ಹುಡುಕಿದರೆ ಬೆಲೆ ಸುಮಾರು 0.866, sin⁻¹ ಕೊಡುವುದು 60°. ಕ್ಯಾಲ್ಕುಲೇಟರ್ ಕೆಟ್ಟಿಲ್ಲ. 120° ಅದರ ಮಿತಿಯೊಳಗೆ ಇಲ್ಲವೇ ಇಲ್ಲ. ತಪ್ಪು ಹಿಡಿಯುವುದು ಸುಲಭ: ಉಳಿದೆರಡು ಕೋನಗಳು ಸುಮಾರು 38.2° ಮತ್ತು 21.8°. 60° ಸೇರಿಸಿದರೆ ಮೊತ್ತ 120°ಗೇ ನಿಲ್ಲುತ್ತದೆ, 180° ಆಗುವುದಿಲ್ಲ. ವಿಶಾಲಕೋನ ಇರಬಹುದೆಂಬ ಅನುಮಾನ ಬಂದಲ್ಲೆಲ್ಲ ಕೊಸೈನ್ ದಾರಿಯೇ ಭದ್ರ. ಸೈನ್ ದಾರಿ ಹಿಡಿಯಲೇಬೇಕಾದರೆ, ಬಂದ ಉತ್ತರವನ್ನು 180°ಯಿಂದ ಕಳೆದು ಎರಡನ್ನೂ ಪರೀಕ್ಷಿಸಬೇಕು.

ಟ್ಯಾನ್‌ಗೂ −90° ಮತ್ತು 90° ನಡುವಿನ ತುಂಡೇ, ಆದರೆ ಎರಡೂ ತುದಿಗಳನ್ನು ಬಿಟ್ಟು. ಅಲ್ಲಿ ಟ್ಯಾನ್‌ಗೆ ಬೆಲೆಯೇ ಇಲ್ಲ. ಇದರ ತೊಡಕು ದಿಕ್ಕು ಹುಡುಕುವಾಗ ಎದುರಾಗುತ್ತದೆ. ಮೂಲಬಿಂದುವಿನಿಂದ (1, 1) ಮತ್ತು (−1, −1) ಬಿಂದುಗಳು ಎದುರುಬದುರು ದಿಕ್ಕಿನಲ್ಲಿವೆ. y ಅನ್ನು xನಿಂದ ಭಾಗಿಸಿದರೆ ಎರಡಕ್ಕೂ 1 ಬರುತ್ತದೆ, tan⁻¹ ಎರಡಕ್ಕೂ 45° ಎನ್ನುತ್ತದೆ. ಭಾಗಾಕಾರದಲ್ಲಿ ಋಣಚಿಹ್ನೆಗಳು ಅಳಿಸಿಹೋಗಿರುತ್ತವೆ. ಇದಕ್ಕಾಗಿಯೇ ಬಹಳಷ್ಟು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ `atan2(y, x)` ಎಂಬ ಬೇರೆ ಫಂಕ್ಷನ್ ಇದೆ. ಅದು ಎರಡು ಸಂಖ್ಯೆಗಳನ್ನೂ ಪ್ರತ್ಯೇಕವಾಗಿ ತೆಗೆದುಕೊಂಡು, ಎರಡನೆಯ ಬಿಂದುವಿಗೆ −135°ಗೆ ಸಮನಾದ ಬೆಲೆಯನ್ನು ರೇಡಿಯನ್‌ನಲ್ಲಿ ಕೊಡುತ್ತದೆ.