ಹಳೇ ವ್ಯವಹಾರಕ್ಕೆ ಹೊಸ ತೆರಿಗೆ!

2007. ಕೇಮನ್ ದ್ವೀಪದ ಕಂಪನಿಯೊಂದರ ಷೇರು ಕೊಂಡು ವೊಡಾಫೋನ್, ಭಾರತದ ಹಚ್ ಮೊಬೈಲ್ ವ್ಯವಹಾರಕ್ಕೆ ಕೈಹಾಕಿತು. ಲಾಭ ಆಗಿದ್ದು ಮಾರಿದವರಿಗೆ. ಆದರೆ 'ದುಡ್ಡು ಕೊಡುವಾಗಲೇ ನೀವು ತೆರಿಗೆ ಹಿಡಿದುಕೊಳ್ಳಬೇಕಿತ್ತು' ಎಂದು ಇಲಾಖೆ ಪಟ್ಟು ಹಿಡಿದದ್ದು ಕೊಂಡವರ ಮೇಲೆ.

2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 'ಈ ತೆರಿಗೆ ಸಲ್ಲದು' ಎಂದಿತು. ಕೆಲವೇ ತಿಂಗಳಲ್ಲಿ ಸರ್ಕಾರ ಕಾನೂನನ್ನೇ ತಿದ್ದಿತು, ಅದೂ 1962ರಿಂದಲೇ ಅನ್ವಯವಾಗುವಂತೆ! 'ಇದು ಹೊಸ ತೆರಿಗೆಯಲ್ಲ, ಬರೀ ಸ್ಪಷ್ಟೀಕರಣ. ಆಸ್ತಿ ಇಲ್ಲಿದ್ದರೆ ತೆರಿಗೆಯೂ ಇಲ್ಲೇ' ಎಂಬುದು ಅದರ ವಾದ. ಹುರುಳಿಲ್ಲದ ಮಾತೇನಲ್ಲ. ಆದರೆ 2012ರ ಕಾನೂನು ನೋಡಿಕೊಂಡು 2007ರಲ್ಲಿ ತೆರಿಗೆ ಹಿಡಿಯೋದು ಹೇಗೆ ಸ್ವಾಮಿ? ಮುಂದಿನ ವ್ಯವಹಾರಗಳಿಗಷ್ಟೇ ತಿದ್ದಿದ್ದರೆ ಸಾಕಿತ್ತು.

ಕೊನೆಗೆ 2021ರಲ್ಲಿ ಸಂಸತ್ತೇ ಹಿಂದೆ ಸರಿಯಿತು: ಕಂಪನಿಗಳು ಕೇಸು ಹಿಂಪಡೆದರೆ ಹಳೇ ಬೇಡಿಕೆ ರದ್ದು, ವಸೂಲಾದ ಹಣ ವಾಪಸ್. ಬಡ್ಡಿ ಮಾತ್ರ ಇಲ್ಲ.